ದುಂಡು ಮುಖ, ಗಿಡ್ಡ ಕತ್ತಿಗೆ ಜಂಪರ್ ಮತ್ತು ಕುರ್ತಿಯ ಕೊರಳು: ಅಳತೆಯಿಂದ ಟ್ರಯಲ್‌ವರೆಗೆ

ದುಂಡು ಮುಖಕ್ಕೆ ವಿ ಆಕಾರದ ಕೊರಳು ಒಪ್ಪುತ್ತದೆ ಎಂಬುದು ಬಹುತೇಕ ಎಲ್ಲರಿಗೂ ಗೊತ್ತಿರುವ ಮಾತು. ಆದರೂ ಕಲಬುರಗಿಯ ಸೂಪರ್ ಮಾರ್ಕೆಟ್ ಸುತ್ತಲಿನ ಟೇಲರ್ ಅಂಗಡಿಗಳಿಂದ ಹೊಸ ಜಂಪರ್ ತಂದ ಅನೇಕರು, ಕೊರಳು ವಿ ಆಕಾರದಲ್ಲಿಯೇ ಇದ್ದರೂ ಮುಖ ಮೊದಲಿಗಿಂತ ಅಗಲವಾಗಿ, ಕತ್ತು ಇನ್ನಷ್ಟು ಗಿಡ್ಡವಾಗಿ ಕಾಣುತ್ತಿದೆ ಎಂದು ದೂರುತ್ತಾರೆ. ಹೊಲಿದವರ ಕೈಗುಣ ಇದಕ್ಕೆ ಕಾರಣವಾಗುವುದು ಅಪರೂಪ. ಹೊಲಿಸಿದವರು ಆಕಾರದ ಹೆಸರನ್ನಷ್ಟೇ ಹೇಳಿ ಬಂದಿರುತ್ತಾರೆ, ಆ ಆಕಾರದ ಆಳ ಎಷ್ಟು, ಅಗಲ ಎಷ್ಟು, ಆ ಆಳವನ್ನು ಎಲ್ಲಿಂದ ಅಳೆಯಬೇಕು ಎಂಬುದನ್ನು ಹೇಳಿರುವುದಿಲ್ಲ.

ಕೊರಳು ಮುಖಕ್ಕೆ ಒಪ್ಪುವುದೋ ಇಲ್ಲವೋ ಎಂಬುದನ್ನು ಅದರ ಹೆಸರಿಗಿಂತ ಹೆಚ್ಚಾಗಿ ಆಳಕ್ಕೂ ಅಗಲಕ್ಕೂ ಇರುವ ವ್ಯತ್ಯಾಸವೇ ನಿರ್ಧರಿಸುತ್ತದೆ. ಈ ಮಾರ್ಗದರ್ಶಿಯಲ್ಲಿ ನಗರದ ಒಬ್ಬ ಶಾಲಾ ಶಿಕ್ಷಕಿಯ ಅಳತೆಯನ್ನು ಕೊನೆಯವರೆಗೂ ಉದಾಹರಣೆಯಾಗಿ ಇಟ್ಟುಕೊಂಡು, ಸೀರೆಯ ಮೇಲಿನ ಒಂದು ಜಂಪರ್ ಮತ್ತು ಶಾಲೆಗೆ ತೊಡುವ ಒಂದು ಕಾಲರ್ ಕುರ್ತಿಯನ್ನು ಹೇಗೆ ಸರಿಪಡಿಸಿಕೊಳ್ಳಬೇಕೆಂದು ಹಂತ ಹಂತವಾಗಿ ವಿವರಿಸಲಾಗಿದೆ. ಬರಹದುದ್ದಕ್ಕೂ ಉಡುಪಿನ ಭಾಗಕ್ಕೆ ಕೊರಳು ಎಂದೂ ದೇಹದ ಭಾಗಕ್ಕೆ ಕತ್ತು ಎಂದೂ ಬಳಸಿದ್ದೇನೆ.

ಬೇಕಾಗುವ ಸಲಕರಣೆಗಳು

ಟೇಪು, 12 ಇಂಚಿನ ಸ್ಕೇಲು, ಚಾಕ್, ಹತ್ತಿಪ್ಪತ್ತು ಗುಂಡುಸೂಜಿ, ಗಾಢ ಬಣ್ಣದ ಸಾದಾ ಓಢಣಿ ಒಂದು, ಮೊಬೈಲ್ ಮತ್ತು ಅದನ್ನು ನಿಲ್ಲಿಸಿಡಲು ಒಂದು ಕುರ್ಚಿ ಅಥವಾ ಸ್ಟೂಲು ಸಾಕು. ಕಸೂತಿ ಅಥವಾ ಜರಿ ಇರುವ ಓಢಣಿ ಬೇಡ, ಏಕೆಂದರೆ ಕಣ್ಣು ಅದರ ಅಂಚಿನ ಕೆಲಸವನ್ನು ನೋಡುತ್ತದೆಯೇ ಹೊರತು ಆಕಾರವನ್ನಲ್ಲ. ಬೆಲೆಬಾಳುವ ರೇಷ್ಮೆಗೆ ಹೊಲಿಸುವುದಿದ್ದರೆ ಮೊದಲು ಒಂದು ಮಾದರಿ ಕತ್ತರಿಸಿ ನೋಡಲು ಅರ್ಧ ಮೀಟರ್ ಅಗ್ಗದ ಬಿಳಿ ಹತ್ತಿ ಬಟ್ಟೆಯನ್ನು ಇಟ್ಟುಕೊಳ್ಳುವುದು ಒಳ್ಳೆಯದು.

ಹಂತ 1: ಕತ್ತು ನಿಜವಾಗಿಯೂ ಗಿಡ್ಡವೇ ಎಂದು ಖಚಿತಪಡಿಸಿಕೊಳ್ಳಿ

ಮುಖದ ಅಳತೆ ಸುಲಭ. ಕೂದಲು ಹಿಂದಕ್ಕೆ ಕಟ್ಟಿ, ಕನ್ನಡಿಯ ಮುಂದೆ ನಿಂತು, ಹಣೆಯ ಮೇಲೆ ಕೂದಲು ಹುಟ್ಟುವ ಗೆರೆಯಿಂದ ಗದ್ದದ ತುದಿಯವರೆಗಿನ ಉದ್ದವನ್ನೂ ಎರಡು ಕೆನ್ನೆಗಳ ನಡುವಿನ ಅತಿ ಹೆಚ್ಚಿನ ಅಗಲವನ್ನೂ ಸ್ಕೇಲಿನಿಂದ ನೋಡಬೇಕು. ಟೇಪು ಕೆನ್ನೆಯ ಉಬ್ಬಿನ ಮೇಲೆ ಬಾಗಿ ಅಗಲವನ್ನು ಹೆಚ್ಚು ತೋರಿಸುವುದರಿಂದ ಇಲ್ಲಿ ಸ್ಕೇಲೇ ಸರಿ. ಉದ್ದ ಮತ್ತು ಅಗಲದ ವ್ಯತ್ಯಾಸ ಒಂದು ಇಂಚಿಗಿಂತ ಕಡಿಮೆಯಿದ್ದು ದವಡೆಯ ಮೂಲೆಗಳು ಎದ್ದು ಕಾಣದಿದ್ದರೆ ದುಂಡು ಮುಖವೆಂದು ತಿಳಿಯಬಹುದು. ನಮ್ಮ ಶಿಕ್ಷಕಿಯ ಮುಖದ ಉದ್ದ ಆರೂವರೆ ಇಂಚು, ಅಗಲ ಐದೂಮುಕ್ಕಾಲು ಇಂಚು.

ಕತ್ತಿನ ವಿಷಯ ಅಷ್ಟು ಸರಳವಲ್ಲ. ತಲೆಯನ್ನು ನೇರವಾಗಿಟ್ಟು, ಗದ್ದದ ಕೆಳಗಿನಿಂದ ಕತ್ತಿನ ಬುಡದ ಗುಳಿಯವರೆಗೆ, ಅಂದರೆ ಎರಡು ಕೊರಳೆಲುಬುಗಳು ಸೇರುವ ತಗ್ಗಿನವರೆಗೆ, ಕೈಬೆರಳುಗಳನ್ನು ಅಡ್ಡಲಾಗಿ ಇಡಬೇಕು. ನಾಲ್ಕು ಬೆರಳು ಹಿಡಿಸಿದರೆ ಕತ್ತು ಸಾಧಾರಣ ಉದ್ದದ್ದು, ಮೂರೇ ಹಿಡಿಸಿದರೆ ಗಿಡ್ಡ. ಶಿಕ್ಷಕಿಗೆ ಮೂರು ಬೆರಳು ಇಕ್ಕಟ್ಟಾಗಿ ಹಿಡಿಸಿದವು, ಟೇಪಿನಲ್ಲಿ ಅದು ಎರಡೂಕಾಲು ಇಂಚು.

ನಾಲ್ಕು ಬೆರಳು ಹಿಡಿಸಿಯೂ ಕತ್ತು ಗಿಡ್ಡವಾಗಿ ಕಂಡರೆ ಕಾರಣ ಬೇರೆ ಕಡೆ ಇದೆ. ಕೆಲವರ ಭುಜಗಳು ಇಳಿಜಾರಿಲ್ಲದೆ ನೇರವಾಗಿರುತ್ತವೆ, ಇನ್ನು ಕೆಲವರ ಕತ್ತಿನ ಹಿಂಬುಡದಲ್ಲಿ ಮಾಂಸ ಉಬ್ಬಿರುತ್ತದೆ. ಭುಜ ನೇರವಿರುವವರು ಕೊರಳನ್ನು ಎಷ್ಟು ಇಳಿಸಿದರೂ ತೋಳಿನ ಮೇಲ್ತುದಿಯಲ್ಲಿ ನೆರಿಗೆ ಅಥವಾ ಪ್ಯಾಡ್ ಇದ್ದರೆ ಪ್ರಯೋಜನವಾಗದು, ಮೊದಲು ಅದನ್ನು ತೆಗೆಸಬೇಕು. ಹಿಂಬುಡ ಉಬ್ಬಿರುವವರಿಗೆ ಹಿಂಗೊರಳು ಆ ಉಬ್ಬಿನ ಕೆಳಗೆ ಕೂರುವಂತೆ ಒಂದೂವರೆಯಿಂದ ಎರಡು ಇಂಚಿನಷ್ಟಾದರೂ ಇಳಿಯಬೇಕು. ಇಲ್ಲವಾದರೆ ಜಂಪರ್ ಹಿಂದಕ್ಕೆ ಸರಿಯುತ್ತಾ, ಮುಂದಿನ ಕೊರಳು ಮೇಲೇರಿ ಗಂಟಲಿಗೆ ಒತ್ತುತ್ತದೆ. ದಿನವಿಡೀ ಮುಂಭಾಗವನ್ನು ಕೆಳಗೆ ಎಳೆದುಕೊಳ್ಳುವ ಅಭ್ಯಾಸ ನಿಮಗಿದ್ದರೆ ಇದೇ ಕಾರಣವಿರಬಹುದು.

ಹಂತ 2: ಮೂರು ಅಳತೆ ಬರೆದುಕೊಳ್ಳಿ

ಅತಿ ಹೆಚ್ಚು ತಪ್ಪಾಗುವುದು ಇಲ್ಲಿಯೇ ಆದ್ದರಿಂದ ನಿಧಾನವಾಗಿ ಓದಬೇಕು.

ಮೊದಲನೆಯದು ಮುಂಗೊರಳಿನ ಆಳ. ಟೇಲರುಗಳು ಇದನ್ನು ಭುಜದ ಹೊಲಿಗೆಯು ಕತ್ತಿಗೆ ತಾಗುವ ಬಿಂದುವಿನಿಂದ ನೇರವಾಗಿ ಕೆಳಕ್ಕೆ ಅಳೆಯುತ್ತಾರೆ. ಹೊಲಿಸುವವರಾದರೋ ಕತ್ತಿನ ಗುಳಿಯ ಮೇಲೆ ಬೆರಳಿಟ್ಟು ಅಲ್ಲಿಂದ ಕೆಳಗೆ ತೋರಿಸುತ್ತಾರೆ. ಭುಜದ ಬಿಂದುವಿಗಿಂತ ಗುಳಿಯು ಸುಮಾರು ಮೂರು ಇಂಚು ಕೆಳಗಿರುತ್ತದೆ. ಹೀಗಾಗಿ ಅಂಗಡಿಯಲ್ಲಿ ನಡೆಯುವ ಮಾತು ಹೀಗಿರುತ್ತದೆ:

"ಗಳಾ ಎಷ್ಟು ಇಳಸ್ಬೇಕ್ರಿ ಅಕ್ಕಾರ?"

"ನಾಕ್ ಇಂಚ್ ಇಳಸ್ರಿ ಮಾಸ್ತರ, ಭಾಳ ಬ್ಯಾಡ."

ಅಕ್ಕನವರ ಮನಸ್ಸಿನಲ್ಲಿರುವುದು ಗುಳಿಯಿಂದ ನಾಲ್ಕು ಇಂಚು, ಅಂದರೆ ಮಾಸ್ತರರ ಲೆಕ್ಕದಲ್ಲಿ ಏಳು. ಮಾಸ್ತರರು ಭುಜದಿಂದ ನಾಲ್ಕನ್ನೇ ಗುರುತಿಸಿದರೆ ಕೊರಳು ಗುಳಿಯಿಂದ ಒಂದೇ ಇಂಚು ಕೆಳಗೆ ನಿಲ್ಲುತ್ತದೆ. ಅನುಭವಸ್ಥರು ಇದು ತೀರ ಕಡಿಮೆಯಾಯಿತೆಂದು ತಾವೇ ಐದಕ್ಕೋ ಐದೂವರೆಗೋ ಏರಿಸುತ್ತಾರೆ, ಆಗ ಬಂದದ್ದು ಇಬ್ಬರ ಲೆಕ್ಕಕ್ಕೂ ಸೇರದ ಮೂರನೆಯ ಕೊರಳು. ಆದ್ದರಿಂದ ಸಂಖ್ಯೆಯ ಜೊತೆಗೆ "ಭುಜದಿಂದ" ಎಂಬ ಪದವನ್ನು ಕಡ್ಡಾಯವಾಗಿ ಹೇಳಬೇಕು.

ಎರಡನೆಯದು ಕೊರಳಿನ ಅಗಲ, ಅಂದರೆ ಎಡ ಭುಜದ ಮೇಲಿನ ಕೊರಳಂಚಿನಿಂದ ಬಲ ಭುಜದ ಮೇಲಿನ ಕೊರಳಂಚಿನವರೆಗಿನ ಅಡ್ಡಳತೆ. ಬಟ್ಟೆಯನ್ನು ಮಡಿಚಿ ಕತ್ತರಿಸುವುದರಿಂದ ಟೇಲರುಗಳು ಇದರ ಅರ್ಧವನ್ನು ಮಾತ್ರ ಬರೆಯುತ್ತಾರೆ. ನೀವು ಮೂರು ಎಂದರೆ ಪೂರ್ತಿ ಆರು ಎಂದೇ ಅರ್ಥವಾಗಬೇಕೆಂದು ಮೊದಲೇ ಸ್ಪಷ್ಟಪಡಿಸಿಕೊಳ್ಳಿ.

ಮೂರನೆಯದು ಹಿಂಗೊರಳಿನ ಆಳ. ಇದು ಮುಖದ ನೋಟಕ್ಕೆ ನೇರವಾಗಿ ಸಂಬಂಧಿಸಿಲ್ಲದಿದ್ದರೂ ಜಂಪರ್ ಭುಜದ ಮೇಲೆ ನಿಲ್ಲುವುದು ಇದರಿಂದಲೇ. ಮುಂದೆಯೂ ಹಿಂದೆಯೂ ಆಳ ಕೊಟ್ಟು ಅಗಲವನ್ನೂ ಹೆಚ್ಚಿಸಿದರೆ ಭುಜ ಜಾರುವುದು ಖಚಿತ, ಜಾರಿದ ಭುಜ ಕೊರಳನ್ನು ಇನ್ನಷ್ಟು ಅಗಲಿಸುತ್ತದೆ. ಹಿಂದೆ ಆಳ ಬೇಕೇ ಬೇಕೆನ್ನುವವರು ಡೋರಿ ಹಾಕಿಸಲೇಬೇಕು, ಅದೂ ಅಲಂಕಾರಕ್ಕೆ ತೂಗುಬಿಡುವ ಡೋರಿಯಾಗಿರದೆ ನಿಜವಾಗಿ ಬಿಗಿದು ಕಟ್ಟುವಂಥದ್ದಾಗಿರಬೇಕು.

ಹಂತ 3: ಓಢಣಿಯಿಂದ ಪರೀಕ್ಷಿಸಿ ನೋಡಿ

ಅಳತೆ ಹೇಳುವ ಮುನ್ನ ಅದನ್ನು ಮೈಮೇಲೆ ನೋಡಬೇಕು. ಹಳೆಯ ಆಳ ಕೊರಳಿನ ಉಡುಪೊಂದನ್ನು ತೊಟ್ಟು, ಗಾಢ ಬಣ್ಣದ ಓಢಣಿಯನ್ನು ಹಿಂದಿನಿಂದ ಎರಡೂ ಭುಜಗಳ ಮೇಲೆ ತಂದು, ಎದೆಯ ಮೇಲೆ ಒಂದರ ಮೇಲೊಂದು ಹಾಯಿಸಿ ಗುಂಡುಸೂಜಿ ಚುಚ್ಚಬೇಕು. ಓಢಣಿಯ ಅಂಚುಗಳೇ ವಿ ಆಕಾರವಾಗುತ್ತವೆ. ಮೊದಲು ಭುಜದ ಮೇಲಿನ ಅಗಲವನ್ನು ಆರು ಇಂಚಿಗೆ ನಿಲ್ಲಿಸಿ, ಆಳವನ್ನು ಐದು, ಆರು, ಏಳು ಇಂಚಿಗೆ ಬದಲಿಸುತ್ತ ಒಂದೊಂದು ಚಿತ್ರ ತೆಗೆಯಬೇಕು. ಅನಂತರ ಆಳವನ್ನು ಏಳಕ್ಕೇ ಬಿಟ್ಟು, ಅಗಲವನ್ನು ಏಳೂವರೆಗೆ ಏರಿಸಿ ಇನ್ನೊಂದು ಚಿತ್ರ ತೆಗೆಯಬೇಕು. ಈ ಕೊನೆಯ ಚಿತ್ರವನ್ನು ಹಿಂದಿನದರ ಪಕ್ಕದಲ್ಲಿಟ್ಟು ನೋಡಿದವರಿಗೆ ಅಗಲದ ಪರಿಣಾಮವನ್ನು ಬೇರೆ ಯಾರೂ ವಿವರಿಸಬೇಕಾಗುವುದಿಲ್ಲ.

ಮೊಬೈಲನ್ನು ಕೈಯಲ್ಲಿ ಹಿಡಿದು ಮೇಲಿನಿಂದ ತೆಗೆದ ಸೆಲ್ಫಿಯನ್ನು ಇದಕ್ಕೆ ನಂಬಬಾರದು. ಮೇಲಿನಿಂದ ನೋಡಿದಾಗ ಗದ್ದವು ಕತ್ತನ್ನು ಮುಚ್ಚುವುದರಿಂದ ಎಲ್ಲರ ಕತ್ತೂ ಗಿಡ್ಡವಾಗಿಯೇ ಕಾಣುತ್ತದೆ. ಮೊಬೈಲು ಕೊರಳೆಲುಬಿನ ಎತ್ತರದಲ್ಲಿದ್ದು ಐದಾರು ಅಡಿ ದೂರದಲ್ಲಿರಬೇಕು, ಅದಕ್ಕಾಗಿಯೇ ಸ್ಟೂಲು ಬೇಕೆಂದು ಹೇಳಿದ್ದು.

ಹಂತ 4: ಆಕಾರವನ್ನೂ ಆಳ ಅಗಲಗಳನ್ನೂ ಒಟ್ಟಿಗೆ ನಿರ್ಧರಿಸಿ

ದುಂಡು ಮುಖ ಮತ್ತು ಗಿಡ್ಡ ಕತ್ತು ಎರಡೂ ಇರುವವರಿಗೆ ನಾನು ಹೇಳುವ ಲೆಕ್ಕ ಒಂದೇ: ಭುಜದಿಂದ ಅಳೆದ ಆಳವು ಕೊರಳಿನ ಪೂರ್ತಿ ಅಗಲಕ್ಕಿಂತ ಕನಿಷ್ಠ ಒಂದು ಇಂಚು ಹೆಚ್ಚಿರಬೇಕು. ಗದ್ದದ ಕೆಳಗೆ ಕಾಣುವ ಚರ್ಮವನ್ನೆಲ್ಲ ಕಣ್ಣು ಕತ್ತಿನ ಮುಂದುವರಿಕೆಯೆಂದೇ ಓದುತ್ತದೆ. ಆ ಭಾಗ ಅಗಲಕ್ಕಿಂತ ಉದ್ದವಾಗಿದ್ದರೆ ಕತ್ತು ನೀಳವಾಗಿಯೂ ಮುಖ ಕಿರಿದಾಗಿಯೂ ಕಾಣುತ್ತದೆ, ಉದ್ದಕ್ಕಿಂತ ಅಗಲವಾಗಿದ್ದರೆ ಮುಖದ ಅಗಲವನ್ನೇ ಎರಡನೆಯ ಬಾರಿ ಬರೆದಂತಾಗುತ್ತದೆ. ಶಿಕ್ಷಕಿಯ ಮೊದಲ ಜಂಪರಿನಲ್ಲಿ ಆಗಿದ್ದು ಇದೇ. "ಸ್ವಲ್ಪ ಡೀಪ್ ಇರಲಿ" ಎಂದು ಹೇಳಿ ಬಂದದ್ದಕ್ಕೆ ಆಳ ಐದೂವರೆಯೂ ಅಗಲ ಏಳೂವರೆಯೂ ಆಗಿ, ಗದ್ದದ ಕೆಳಗೆ ಅಡ್ಡಲಾಗಿ ಮಲಗಿದ ಮೊಟ್ಟೆಯಂಥ ಕೊರಳು ಬಂದಿತ್ತು. ಎರಡನೆಯದಕ್ಕೆ ಅಗಲ ಆರು, ಆಳ ಏಳು ಎಂದು ನಿಗದಿಪಡಿಸಲಾಯಿತು. ವಿ ಆಕಾರದ ತುದಿ ಗುಳಿಯಿಂದ ನಾಲ್ಕು ಇಂಚು ಕೆಳಗೆ ನಿಂತಿತು, ಶಾಲೆಯಲ್ಲಿ ಮುಜುಗರವಾಗುವಷ್ಟು ಆಳವೂ ಆಗಲಿಲ್ಲ.

ವಿ ಬೇಡವೆನ್ನುವವರಿಗೆ ಕಿರಿದಾದ ಯು ಆಕಾರ ಅಥವಾ ಚೌಕ ಕೊರಳು ಆಗುತ್ತದೆ. ಯು ಆಕಾರವು ತಳದವರೆಗೂ ಹೆಚ್ಚುಕಡಿಮೆ ಒಂದೇ ಅಗಲದಲ್ಲಿ ಇಳಿಯುವುದರಿಂದ ಅದಕ್ಕೆ ಅಗಲವನ್ನು ಐದೂವರೆಗೆ ಇಳಿಸಬೇಕು. ಚೌಕ ಕೊರಳಿನ ಮೂಲೆಗಳು ದುಂಡು ಕೆನ್ನೆಗೆ ಚೆನ್ನಾಗಿ ಎದುರಾಗುತ್ತವೆ, ಆದರೆ ಅದು ನಿಂತ ಆಯತವಾಗಿರಬೇಕೇ ಹೊರತು ಮಲಗಿದ ಆಯತವಾಗಿರಬಾರದು.

ಭುಜದಿಂದ ಭುಜಕ್ಕೆ ಅಡ್ಡಲಾಗಿ ಹೋಗುವ ಬೋಟ್ ನೆಕ್, ಕತ್ತಿನ ಬುಡಕ್ಕೇ ಅಂಟಿದ ದುಂಡು ಕೊರಳು ಮತ್ತು ತಳದಲ್ಲಿ ಅಗಲವಾಗುವ ಮಟಕಾ ಕೊರಳು ಈ ಎರಡು ಲಕ್ಷಣಗಳಿಗೂ ಹೊಂದುವುದಿಲ್ಲ. ಸ್ವೀಟ್‌ಹಾರ್ಟ್ ಕೊರಳಿನ ಬಗ್ಗೆ ಅನೇಕರಿಗೆ ತಪ್ಪು ತಿಳಿವಳಿಕೆಯಿದೆ. ಅದರ ನಡುವಿನ ತುದಿ ಕೆಳಗಿಳಿದಿದ್ದರೂ ಎರಡು ಬದಿಯ ಉಬ್ಬುಗಳು ಮೇಲಕ್ಕೇರಿರುವುದರಿಂದ ಕಣ್ಣಿಗೆ ಕಾಣುವ ಆಳವು ತುದಿಯ ಆಳಕ್ಕಿಂತ ಕಡಿಮೆ, ಹಾಗಾಗಿ ದುಂಡು ಮುಖಕ್ಕೆ ಪರವಾಗಿಲ್ಲವೆನಿಸಿದರೂ ಗಿಡ್ಡ ಕತ್ತಿಗೆ ಅದರಿಂದ ಹೆಚ್ಚಿನ ಉಪಯೋಗವಿಲ್ಲ. ಕೀ ಹೋಲ್ ಕೊರಳಿನಲ್ಲಿ ಕೆಳಗೆ ಎಷ್ಟೇ ತೆರವಿದ್ದರೂ ಗಂಟಲ ಬಳಿ ಗುಂಡಿ ಹಾಕಿದ ಪಟ್ಟಿ ಉಳಿಯುತ್ತದೆ, ಆ ಪಟ್ಟಿಯೇ ಕತ್ತನ್ನು ಕತ್ತರಿಸುತ್ತದೆ.

ಮದುವೆಯ ಜಂಪರಿಗೆ ಈಗ ನೆಟ್ ಹಾಕಿದ ಹೈ ನೆಕ್ ಕೇಳುವವರು ಹೆಚ್ಚು. ಕತ್ತು ಗಿಡ್ಡವಿದ್ದೂ ಅದೇ ಬೇಕಾದರೆ ಒಂದು ಉಪಾಯವಿದೆ. ಕಸೂತಿ ಮತ್ತು ಮಣಿಯ ಕೆಲಸವನ್ನು ನೆಟ್ಟಿನ ಮೇಲಂಚಿಗೆ ಹಾಕಿಸದೆ, ಒಳಗಿನ ಬಟ್ಟೆಯ ವಿ ಅಂಚಿಗೆ ಮಾತ್ರ ಹಾಕಿಸಿ, ಮೇಲಂಚನ್ನು ಚರ್ಮದ ಬಣ್ಣದ ತೆಳು ಪಟ್ಟಿಯಿಂದ ಮುಗಿಸಬೇಕು. ಮೇಲಂಚಿಗೆ ಜರಿಯ ಲೇಸು ಬಿದ್ದರೆ ಕೆಳಗಿನ ವಿ ಆಕಾರ ಇದ್ದೂ ಇಲ್ಲದಂತೆ.

ಹಂತ 5: ಕತ್ತರಿಸುವ ಮುನ್ನ ಟೇಲರಿಗೆ ಹೇಳಬೇಕಾದದ್ದು

ಒಂದು ಚೀಟಿಯಲ್ಲಿ ಆಕಾರದ ಚಿತ್ರ ಬರೆದು, ಆಳ ಏಳು ಭುಜದಿಂದ, ಅಗಲ ಪೂರ್ತಿ ಆರು ಎಂದು ಬರೆದು, ಅದರ ಕೆಳಗೆ "ತಯಾರಾದ ಮೇಲಿನ ಅಳತೆ" ಎಂದು ಸೇರಿಸಬೇಕು. ಈ ಕೊನೆಯ ಮಾತನ್ನು ಬಹಳಷ್ಟು ಜನ ಬಿಡುತ್ತಾರೆ, ಅದರಿಂದ ಆಗುವ ವ್ಯತ್ಯಾಸ ಸಣ್ಣದಲ್ಲ.

ಕತ್ತರಿಸಿದ ಅಂಚಿನಿಂದ ಕಾಲು ಇಂಚು ಒಳಗೆ ಹೊಲಿಗೆ ಬಿದ್ದು ಪಟ್ಟಿ ತಿರುಗುತ್ತದೆ. ದುಂಡು ಕೊರಳಿನಲ್ಲಿ ಇದರಿಂದ ಆಳ ಕಾಲು ಇಂಚು ಮಾತ್ರ ಹೆಚ್ಚುತ್ತದೆ. ವಿ ಕೊರಳಿನಲ್ಲಿ ಅಂಚುಗಳು ಓರೆಯಾಗಿ ಸೇರುವುದರಿಂದ ತುದಿಯು ಅದಕ್ಕಿಂತ ಹೆಚ್ಚು ಕೆಳಗೆ ಜಾರುತ್ತದೆ. ಅಗಲ ಆರು, ಆಳ ಏಳು ಇರುವ ವಿ ಆಕಾರಕ್ಕೆ ಕಾಲು ಇಂಚಿನ ಹೊಲಿಗೆ ಬಿದ್ದಾಗ ತುದಿ ಅರ್ಧ ಇಂಚಿಗೂ ಸ್ವಲ್ಪ ಹೆಚ್ಚು ಇಳಿದು, ಅಗಲವೂ ಎರಡು ಬದಿ ಸೇರಿ ಅರ್ಧ ಇಂಚಿನಷ್ಟು ಹಿಗ್ಗುತ್ತದೆ. ಏಳು ಹೇಳಿದ್ದಕ್ಕೆ ಏಳೂವರೆ ಬಂತೆಂಬ ಜಗಳದ ಮೂಲ ಸಾಮಾನ್ಯವಾಗಿ ಇದೇ. ತಯಾರಾದ ಅಂಚಿನ ಗೆರೆಯನ್ನು ಮೊದಲು ಚಾಕಿನಿಂದ ಎಳೆದು, ಅದರಿಂದ ಕಾಲು ಇಂಚು ಕತ್ತಿನ ಕಡೆಗೆ ಬಿಟ್ಟು ಇನ್ನೊಂದು ಗೆರೆ ಎಳೆದು, ಆ ಎರಡನೆಯ ಗೆರೆಯ ಮೇಲೆ ಕತ್ತರಿ ಹಾಕಬೇಕು.

ಹತ್ತಿ ಬಟ್ಟೆಯಾದರೆ ಮೇಲಿನ ಬಟ್ಟೆಯನ್ನೂ ಲೈನಿಂಗನ್ನೂ ಕತ್ತರಿಸುವ ಮುಂಚೆ ನೀರಿನಲ್ಲಿ ನೆನೆಸಿ ಒಣಗಿಸಬೇಕು. ಲೈನಿಂಗ್ ಮಾತ್ರ ಒಗೆದ ಮೇಲೆ ಕುಗ್ಗಿದರೆ ಕೊರಳಿನ ಅಂಚು ಒಳಕ್ಕೆ ಸುರುಟಿಕೊಳ್ಳುತ್ತದೆ, ಆಮೇಲೆ ಇಸ್ತ್ರಿ ಹೊಡೆದರೂ ಅದು ನೇರವಾಗುವುದಿಲ್ಲ.

ಹಂತ 6: ಹೊಲಿಗೆಯ ಕ್ರಮ

ಮನೆಯಲ್ಲೇ ಹೊಲಿಯುವವರಿಗೆ ಈ ಭಾಗ, ಆದರೆ ಹೊಲಿಸುವವರೂ ಒಮ್ಮೆ ಓದಿದರೆ ಟ್ರಯಲ್ ವೇಳೆ ಏನು ನೋಡಬೇಕೆಂಬುದು ತಿಳಿಯುತ್ತದೆ.

ವಿ ಅಂಚು ಬಟ್ಟೆಯ ಎಳೆಗೆ ಓರೆಯಾಗಿ ಕತ್ತರಿಸಲ್ಪಡುವುದರಿಂದ ಅದು ರಬ್ಬರಿನ ಹಾಗೆ ಹಿಗ್ಗುತ್ತದೆ. ಕತ್ತರಿಸಿದ ಬಟ್ಟೆಯನ್ನು ಮೊಳೆಗೆ ತೂಗುಹಾಕಿದರೂ ಸಾಕು, ಮರುದಿನ ಕೊರಳು ಸಡಿಲವಾಗಿರುತ್ತದೆ. ಆದ್ದರಿಂದ ಕತ್ತರಿಸಿದ ಕೂಡಲೇ, ಭುಜ ಜೋಡಿಸುವುದಕ್ಕೂ ಮುಂಚೆ, ಅಂಚಿಗೆ ಹತ್ತಿರವಾಗಿ ಒಂದು ಸಾಲು ಕಾಪು ಹೊಲಿಗೆ ಹಾಕಬೇಕು. ಅದನ್ನು ಎರಡೂ ಬದಿಗಳಲ್ಲಿ ಭುಜದಿಂದ ತುದಿಯ ಕಡೆಗೇ ಹಾಕಬೇಕು. ಒಂದು ಬದಿ ಕೆಳಗಿಳಿದು ಇನ್ನೊಂದು ಬದಿ ಮೇಲೇರಿದರೆ ಎರಡು ಬದಿಗಳು ಬೇರೆ ಬೇರೆ ಪ್ರಮಾಣದಲ್ಲಿ ಹಿಗ್ಗಿ ತುದಿ ಒಂದು ಕಡೆಗೆ ವಾಲುತ್ತದೆ.

ಒಳಪಟ್ಟಿಗೆ ತೆಳುವಾದ ಅಂಟು ಕ್ಯಾನ್ವಾಸ್ ಹಚ್ಚಿ, ಪಟ್ಟಿಯನ್ನು ಅದೇ ಆಕಾರದಲ್ಲಿ ಕತ್ತರಿಸಿ ಜೋಡಿಸಬೇಕು. ದುಂಡು ಕೊರಳಿಗೆ ಬಳಸುವ, ಎಳೆಗೆ ಓರೆಯಾಗಿ ಕತ್ತರಿಸಿದ ಕ್ರಾಸ್ ಪಟ್ಟಿಯನ್ನೇ ವಿ ಆಕಾರಕ್ಕೂ ಎಳೆದು ಕೂರಿಸುವುದು ಬೇಗ ಮುಗಿಯುವ ದಾರಿ, ಆದರೆ ತುದಿ ದುಂಡಾಗಿ ಬಿಡುತ್ತದೆ, ದುಂಡು ಮುಖದವರಿಗೆ ಬೇಡವಾದದ್ದೇ ಅದು. ತುದಿಯ ಬಳಿ ಹೊಲಿಗೆಯನ್ನು ಸಣ್ಣದಾಗಿಸಿ, ನಡುವೆ ಒಂದೇ ಒಂದು ಅಡ್ಡ ಹೊಲಿಗೆ ಹಾಕಿ ತಿರುಗಿಸಬೇಕು. ಆಮೇಲೆ ಕತ್ತರಿಯ ಮೊನೆಯಿಂದ ತುದಿಯ ಕಡೆಗೆ ಸೀಳಿ, ಹೊಲಿಗೆಗೆ ಒಂದೆರಡು ಎಳೆ ಇರುವಾಗ ನಿಲ್ಲಿಸಬೇಕು. ಸೀಳು ಸಾಲದಿದ್ದರೆ ತಿರುಗಿಸಿದಾಗ ತುದಿಯಲ್ಲಿ ನೆರಿಗೆ ಮೂಡುತ್ತದೆ, ಹೆಚ್ಚಾದರೆ ಕೆಲವು ಒಗೆತಗಳಲ್ಲಿ ತೂತು ಬೀಳುತ್ತದೆ.

ಹಂತ 7: ಕಾಲರ್ ಬೇಕೇ ಬೇಕಾದಾಗ

ಶಾಲೆ, ಬ್ಯಾಂಕು, ಕಚೇರಿಗೆ ಹೋಗುವವರಲ್ಲಿ ಅನೇಕರು ಕಾಲರ್ ಕುರ್ತಿಯನ್ನು ಇಷ್ಟಪಡುತ್ತಾರೆ. ಗಿಡ್ಡ ಕತ್ತಿನವರಿಗೆ ಕಾಲರ್ ಆಗುವುದೇ ಇಲ್ಲವೆಂಬ ಮಾತು ಸರಿಯಲ್ಲ. ಆಗದಿರುವುದು ಎತ್ತರದ ಸ್ಟ್ಯಾಂಡ್, ಅಂದರೆ ಕಾಲರಿನ ಎಲೆಯ ಕೆಳಗೆ ಕತ್ತಿಗೆ ನಿಲ್ಲುವ ಪಟ್ಟಿ. ಶಿಕ್ಷಕಿಯ ಕತ್ತು ಕಾಣುವುದೇ ಎರಡೂಕಾಲು ಇಂಚು, ಅದರಲ್ಲಿ ಎಲೆಯಿಲ್ಲದೆ ಪಟ್ಟಿಯಷ್ಟೇ ಇರುವ ಒಂದೂವರೆ ಇಂಚಿನ ಚೈನೀಸ್ ಕಾಲರ್ ನಿಂತರೆ ಉಳಿಯುವುದು ಮುಕ್ಕಾಲು ಇಂಚು. ಅವರ ಹಳೆಯ ಕುರ್ತಿಯಲ್ಲಿ ಗದ್ದ ತಗ್ಗಿಸಿ ಹಾಜರಿ ಬರೆಯುವಾಗಲೆಲ್ಲ ಕಾಲರಿನ ಅಂಚು ದವಡೆಗೆ ತಾಗುತ್ತಿತ್ತು. ಬಿಸಿಲು 40 ಡಿಗ್ರಿ ದಾಟುವ ನಮ್ಮ ಬೇಸಿಗೆಯಲ್ಲಿ ಅಂಥ ಕಾಲರ್ ಬೆವರಿಗೆ ಮೆತ್ತಗಾಗಿ ಮಡಿಚಿಕೊಂಡು, ಮಧ್ಯಾಹ್ನದ ಹೊತ್ತಿಗೆ ಕತ್ತಿನ ಸುತ್ತ ಒಂದು ಉಂಗುರದಂತೆ ಕೂರುತ್ತದೆ.

ಸರಿಪಡಿಸುವ ಕ್ರಮ ಹೀಗಿದೆ. ಮೊದಲು ಕುರ್ತಿಯ ಕೊರಳನ್ನೇ ಮುಂದೆ ಅರ್ಧ ಇಂಚು ಕೆಳಗೂ ಬದಿಗಳಲ್ಲಿ ಕಾಲು ಇಂಚು ಹೊರಗೂ ಕತ್ತರಿಸಬೇಕು, ಆಗ ಕಾಲರ್ ಕತ್ತಿನ ಮೇಲೆ ಏರದೆ ಅದರ ಬುಡದಲ್ಲಿ ಕೂರುತ್ತದೆ. ಸ್ಟ್ಯಾಂಡನ್ನು ಹಿಂದೆ ಒಂದು ಇಂಚಿಗೆ ಇಳಿಸಿ, ಮುಂದೆ ಬರುತ್ತ ಮುಕ್ಕಾಲು ಇಂಚಿಗೆ ಸಣ್ಣದಾಗಿಸಬೇಕು. ಅದರ ಮೇಲೆ ಮಡಿಚುವ ಎಲೆಯು ಹಿಂದೆ ಒಂದೂವರೆ ಇಂಚಾದರೂ ಇರಬೇಕು. ಅದಕ್ಕಿಂತ ಕಡಿಮೆಯಾದರೆ ಸ್ಟ್ಯಾಂಡಿನ ಹೊಲಿಗೆ ಹೊರಗೆ ಇಣುಕುತ್ತದೆ. ಎಲೆಯ ಮುಂದಿನ ಮೂತಿ ಎರಡೂಮುಕ್ಕಾಲರಿಂದ ಮೂರು ಇಂಚು ಉದ್ದವಿದ್ದು ಕೆಳಮುಖವಾಗಿರಬೇಕು, ಭುಜದ ಕಡೆಗೆ ಹರಡಿರಬಾರದು. ಮೂತಿಯನ್ನು ದುಂಡಾಗಿ ಕತ್ತರಿಸಿದ ಮಕ್ಕಳ ಫ್ರಾಕಿನ ಬಗೆಯ ಕಾಲರ್ ಕೆನ್ನೆಯ ದುಂಡನ್ನೇ ಪುನಃ ತೋರಿಸುತ್ತದೆ. ಇಷ್ಟಾದ ಮೇಲೆ ಮೊದಲ ಗುಂಡಿಯನ್ನು ಗುಳಿಯಿಂದ ನಾಲ್ಕು ಇಂಚು ಕೆಳಗೆ ಇಟ್ಟು, ಮೇಲಿನ ಭಾಗ ತಾನಾಗಿಯೇ ವಿ ಆಕಾರದಲ್ಲಿ ತೆರೆದುಕೊಳ್ಳುವಂತೆ ಬಿಡಬೇಕು. ಮೇಲೊಂದು ಗುಂಡಿ ಇದ್ದರೆ ಯಾವತ್ತಾದರೂ ಹಾಕಿಕೊಳ್ಳುತ್ತೀರಿ, ಆದ್ದರಿಂದ ಅದನ್ನು ಇಡಿಸದಿರುವುದೇ ಮೇಲು.

ಇಲ್ಲಿ ಒಂದು ತಪ್ಪು ಮತ್ತೆ ಮತ್ತೆ ಆಗುತ್ತದೆ. ಕೊರಳನ್ನು ಇಳಿಸಿ ಅಗಲಿಸಿದ ಮೇಲೆ ಅದರ ಅಂಚಿನ ಸುತ್ತಳತೆ ಹೆಚ್ಚಾಗಿರುತ್ತದೆ, ಆದರೆ ಕಾಲರನ್ನು ಮಾತ್ರ ಹಳೆಯ ಕತ್ತಿನ ಅಳತೆಗೇ ಕತ್ತರಿಸಿ ಎಳೆದು ಜೋಡಿಸಿರುತ್ತಾರೆ. ಹಾಗೆ ಮಾಡಿದರೆ ಕಾಲರಿನ ಕೆಳಗೆ ಸುತ್ತಲೂ ಸಣ್ಣ ಸುಕ್ಕುಗಳು ಮೂಡಿ ಕಾಲರ್ ಕತ್ತಿನ ಕಡೆಗೇ ಬಿಗಿದುಕೊಳ್ಳುತ್ತದೆ. ಭುಜ ಜೋಡಿಸಿದ ನಂತರ ಟೇಪನ್ನು ಅಂಚಿನ ಮೇಲೆ ನಿಲ್ಲಿಸಿ ಹೊಸದಾಗಿ ಅಳೆದು, ಆ ಅಳತೆಗೆ ಕಾಲರ್ ಕತ್ತರಿಸಬೇಕು.

ಚೈನೀಸ್ ಕಾಲರನ್ನೇ ಬಯಸುವವರು ಪಟ್ಟಿಯನ್ನು ಮುಕ್ಕಾಲು ಇಂಚಿಗೆ ಇಳಿಸಿ, ಎರಡು ತುದಿಗಳು ಕೂಡದಂತೆ ನಡುವೆ ಒಂದೂವರೆ ಇಂಚಿನ ತೆರವು ಬಿಟ್ಟು, ಅಲ್ಲಿಂದ ಕೆಳಗೆ ಐದಾರು ಇಂಚಿನ ಸೀಳು ಇಡಿಸಬಹುದು. ನೆಹರೂ ಶರ್ಟು ಹೊಲಿಸುವ ಗಂಡಸರಿಗೂ ಇದೇ ಲೆಕ್ಕ ನಡೆಯುತ್ತದೆ, ಅವರು ಮೇಲಿನ ಗುಂಡಿ ಬಿಚ್ಚಿಟ್ಟರೆ ಅರ್ಧ ಕೆಲಸ ಮುಗಿದಂತೆ.

ಹಂತ 8: ಸೆರಗು, ಓಢಣಿ ಮತ್ತು ಸರ

ಸೀರೆಯ ಸೆರಗು ಎಡ ಭುಜದ ಮೇಲೆ ಹೋಗುವುದರಿಂದ ಜಂಪರಿನ ವಿ ಆಕಾರದ ಎಡ ಅಂಚು ಬಹುಪಾಲು ಮುಚ್ಚಿಹೋಗಿ, ಬಲ ಅಂಚು ಮಾತ್ರ ಕಾಣುತ್ತದೆ. ಸೆರಗಿನ ಅಂಚೇ ಆಗ ಎಡ ಬದಿಯ ಗೆರೆಯಾಗಬೇಕು. ಪಿನ್ನನ್ನು ಕತ್ತಿನ ಬುಡಕ್ಕೆ ಒತ್ತಿ ಹಾಕಿದರೆ ಸೆರಗು ಕತ್ತಿನ ಬದಿಯನ್ನೇ ನುಂಗುತ್ತದೆ. ಕತ್ತಿನಿಂದ ಎರಡು ಇಂಚು ಹೊರಗೆ, ಭುಜದ ತುದಿಯ ಕಡೆಗೆ ಹಾಕಿದರೆ ಕತ್ತಿನ ಎರಡೂ ಬದಿ ತೆರೆದಿರುತ್ತದೆ. ಓಢಣಿಯನ್ನು ಗಂಟಲ ಮೇಲಿನಿಂದ ಹಿಂದಕ್ಕೆ ಎಸೆಯುವ ರೂಢಿ ಇದ್ದವರು ಕೊರಳಿಗಾಗಿ ಇಷ್ಟು ಶ್ರಮಪಡುವುದು ವ್ಯರ್ಥ, ಒಂದೇ ಭುಜದ ಮೇಲೆ ನೀಳವಾಗಿ ಬಿಟ್ಟರೆ ಸರಿಯಾಗುತ್ತದೆ.

ಕತ್ತಿಗೆ ಬಿಗಿಯಾಗಿ ಕೂರುವ ಟೀಕಿಯಂಥ ಒಡವೆ ಗಿಡ್ಡ ಕತ್ತಿನಲ್ಲಿ ಕಾಲರಿನ ಕೆಲಸವನ್ನೇ ಮಾಡುತ್ತದೆ. ಬೋರಮಾಳದಂಥ ಸರವಾದರೆ ವಿ ಆಕಾರದ ಒಳಗೇ ತುದಿಗಿಂತ ಒಂದು ಇಂಚು ಮೇಲೆ ನಿಲ್ಲಬೇಕು, ಇಲ್ಲವೇ ತುದಿಯನ್ನು ದಾಟಿ ಬಟ್ಟೆಯ ಮೇಲೆ ಸಾಕಷ್ಟು ಕೆಳಗಿಳಿಯಬೇಕು. ತುದಿಯ ಮೇಲೇ ಬಂದು ಕೂತರೆ ಎರಡೂ ಕಾಣುವುದಿಲ್ಲ.

ಹಂತ 9: ಟ್ರಯಲ್ ವೇಳೆಯ ಎಚ್ಚರಿಕೆಯ ಸೂಚನೆಗಳು

ಶರಣಬಸವೇಶ್ವರ ಜಾತ್ರೆ ಅಥವಾ ಮದುವೆಯ ಹಂಗಾಮಿನಲ್ಲಿ ಟ್ರಯಲ್ ಕೊಡಲು ಟೇಲರುಗಳಿಗೆ ಪುರಸೊತ್ತಿರುವುದಿಲ್ಲ. ಆದರೂ ಕೊರಳಿನ ಪಟ್ಟಿ ತಿರುಗಿಸುವ ಮುನ್ನ ಒಮ್ಮೆ ತೊಟ್ಟು ನೋಡಲು ಕೇಳಿಕೊಳ್ಳಬೇಕು, ಪಟ್ಟಿ ಕೂತ ಮೇಲೆ ಬದಲಿಸಲು ಸಾಧ್ಯವಿರುವುದು ಬಹಳ ಕಡಿಮೆ. ಅನುಮಾನವಿದ್ದರೆ ಮೊದಲು ಅಗಲವನ್ನು ನಿಶ್ಚಿತಗೊಳಿಸಿ, ಆಳವನ್ನು ಬೇಕಾದದ್ದಕ್ಕಿಂತ ಒಂದು ಇಂಚು ಕಡಿಮೆ ಕತ್ತರಿಸಿ, ಮೈಮೇಲೆ ನೋಡಿ ಚಾಕ್ ಗುರುತು ಹಾಕಿಸಿ ಆಮೇಲೆ ಇಳಿಸಬೇಕು.

ತೊಟ್ಟು ನೋಡುವಾಗ ಕನ್ನಡಿಯ ಮುಂದೆ ನೇರವಾಗಿ ನಿಂತರೆ ಸಾಲದು. ನೆಲದ ಮೇಲಿನ ಏನನ್ನಾದರೂ ಎತ್ತಿಕೊಳ್ಳುವಂತೆ ಬಾಗಬೇಕು. ಅಂಚು ಎದೆಯಿಂದ ದೂರ ಸರಿದು ಬಾಯಿ ತೆರೆದಂತೆ ನಿಂತರೆ ಅದು ಅಂಚು ಹಿಗ್ಗಿರುವುದರ ಅಥವಾ ಎದೆಯ ಮೇಲಿನ ತಗ್ಗಿಗೆ ಬಟ್ಟೆ ಹೆಚ್ಚಾಗಿರುವುದರ ಗುರುತು. ಪ್ರತಿ ಬದಿಯ ಅಂಚಿನಲ್ಲಿ ಕಾಲು ಇಂಚನ್ನು ಚಿವುಟಿ ಪಿನ್ ಹಾಕಿ ನೋಡಿ, ಅದರಿಂದ ಸರಿಯಾದರೆ ಆ ಹೆಚ್ಚಿನ ಬಟ್ಟೆಯನ್ನು ಎದೆಯ ಟಕ್ಸಿಗೆ, ಅಂದರೆ ಮಡಿಚಿ ಹೊಲಿಯುವ ಮಡಿಕೆಗೆ, ಸೇರಿಸುವಂತೆ ಹೇಳಬೇಕು. ಆಳವನ್ನು ಕಡಿಮೆ ಮಾಡಿ ಇದನ್ನು ಸರಿಪಡಿಸಲು ಹೊರಟರೆ ಅಂಚು ಸಡಿಲವಾಗಿಯೇ ಉಳಿದು, ಕೊರಳು ಮಾತ್ರ ಮೇಲಕ್ಕೆ ಬರುತ್ತದೆ.

ಎರಡು ಕೈಗಳನ್ನೂ ಮೇಲೆತ್ತಿ ಇಳಿಸಿದ ಮೇಲೆ ಭುಜ ತನ್ನ ಜಾಗಕ್ಕೆ ಮರಳದೆ ಹೊರಗೇ ಉಳಿದರೆ ಅಗಲ ಹೆಚ್ಚಾಗಿದೆ. ಇದು ಎಲ್ಲಕ್ಕಿಂತ ಕಷ್ಟದ ದೋಷ, ಏಕೆಂದರೆ ಕತ್ತರಿಸಿ ಹೋದ ಬಟ್ಟೆ ಭುಜದ ಮೇಲೆ ಮರಳಿ ಬರುವುದಿಲ್ಲ. ಹಿಂದೆ ಡೋರಿ ಕಟ್ಟಿ ಸುಮಾರು ಅರ್ಧ ಇಂಚನ್ನು ಮರಳಿ ಪಡೆಯಬಹುದು. ಅದಕ್ಕಿಂತ ಹೆಚ್ಚಾಗಿದ್ದರೆ ಅದೇ ಸೀರೆಯ ಅಂಚಿನಿಂದ, ಹೊಲಿದ ಮೇಲೆ ಮುಕ್ಕಾಲು ಇಂಚು ಉಳಿಯುವಂಥ ಪಟ್ಟಿ ತೆಗೆದು, ಕೊರಳಿನ ಒಳ ಅಂಚಿಗೆ ಸುತ್ತಲೂ ಸೇರಿಸಿ, ತುದಿಯಲ್ಲಿ ಓರೆಯಾಗಿ ಕೂಡಿಸಿ ವಿ ಆಕಾರವನ್ನು ಉಳಿಸಿಕೊಳ್ಳಬೇಕು. ಇದರಿಂದ ಅಗಲ ಒಂದೂವರೆ ಇಂಚಿನಷ್ಟು ಕಡಿಮೆಯಾಗುತ್ತದೆ, ಆದರೆ ಓರೆ ಅಂಚಿನ ಕಾರಣದಿಂದಲೇ ತುದಿಯೂ ಒಂದೂವರೆ ಇಂಚಿಗಿಂತ ಹೆಚ್ಚು ಮೇಲೇರುತ್ತದೆ. ಹಾಗಾಗಿ ಪಟ್ಟಿ ಸೇರಿಸುವ ಮುನ್ನ ತುದಿಯನ್ನು ಅಷ್ಟೇ ಕೆಳಗೆ ಇಳಿಸಿಕೊಂಡಿರಬೇಕು.